ಪ್ರತಿ ಮಾತಿಗೂ ‘ಸರ್’ ಬೇಕೆ?

ಮಾನ್ಯ ಸಂಪಾದಕರೇ,
ಹೋದ ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಮೇಲಧಿಕಾರಿ ಮೊನ್ನೆ, ‘ಒಂದು ಮಾತಿಗೆ ಎರಡು ಸಲ ಸರ್ ಅನ್ನಬೇಡಮ್ಮ, ವಿಷಯವೇ ಕೇಳಿಸುವುದಿಲ್ಲ’ ಎಂದರು. ಅಮ್ಮ ಮಾತ್ರ, ‘ದೊಡ್ಡವರು ಹಾಗೆ ಹೇಳುತ್ತಾರೆ, ಬಿಟ್ಟರೆ ಸೊಕ್ಕು ಅನ್ನುತ್ತಾರೆ’ ಎನ್ನುತ್ತಾರೆ. ನಾನು ಮೇಲಧಿಕಾರಿಗೆ ಕಳುಹಿಸಿದ ಒಂದು ಸಂದೇಶವನ್ನು ಜೊತೆಗೆ ಬರೆದಿದ್ದೇನೆ. ಮರ್ಯಾದೆ ಕೆಡದಂತೆ ಇದನ್ನು ಕಡಿಮೆ ಮಾಡುವುದು ಹೇಗೆ?
– ಓದುಗರು, ಶಿವಮೊಗ್ಗ

ಪ್ರಿಯ ಓದುಗರೇ,

ಮೊದಲು ಎರಡು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ನೋಡಿ. ‘ಸರ್, ಆ ಫೈಲು ಕೊಡು.’ ‘ಆ ಫೈಲು ಕೊಡಿ.’ ಮೊದಲನೆಯದರಲ್ಲಿ ಸರ್ ಇದ್ದರೂ ಹಿರಿಯರ ಮುಂದೆ ಅದನ್ನು ಆಡುವಂತಿಲ್ಲ. ಎರಡನೆಯದರಲ್ಲಿ ಸರ್ ಇಲ್ಲದಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಕನ್ನಡದಲ್ಲಿ ಮರ್ಯಾದೆ ಕೂತಿರುವುದು ಕ್ರಿಯಾಪದದ ಕೊನೆಯಲ್ಲಿ. ಬನ್ನಿ, ಹೇಳಿ, ನೋಡಿದಿರಾ, ಬಂದಿದ್ದರು ಎಂದಾಗಲೇ ಆ ಕೆಲಸ ಮುಗಿದಿರುತ್ತದೆ. ಅದರ ಬೆನ್ನಿಗೆ ‘ಸರ್’ ಸೇರಿಸಿದರೆ ಗೌರವ ಹೆಚ್ಚುವುದಿಲ್ಲ, ಮಾತು ಉದ್ದವಾಗುತ್ತದೆ ಅಷ್ಟೆ.

ಹಾಗಿದ್ದೂ ಎಲ್ಲ ಕಡೆಯೂ ಅದನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ನಿಮ್ಮ ತಾಯಿಯವರ ಆತಂಕದಲ್ಲಿ ಹುರುಳಿದೆ. ಏಕೆಂದರೆ ಕನ್ನಡದ ಕೆಲವು ಮಾತುಗಳಿಗೆ ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ಎಂಬುದನ್ನು ತೋರಿಸುವ ಶಕ್ತಿಯೇ ಇಲ್ಲ. ಇಲ್ಲ, ಬೇಡ, ಗೊತ್ತಿಲ್ಲ, ಆಗುವುದಿಲ್ಲ, ಆಯಿತು. ತಮ್ಮನಿಗೂ ಇದೇ ‘ಇಲ್ಲ’, ತಹಶೀಲ್ದಾರರಿಗೂ ಇದೇ ‘ಇಲ್ಲ’. ‘ವರದಿ ಬಂತಾ?’ ಎಂದು ಮೇಲಧಿಕಾರಿ ಕೇಳಿದಾಗ ಬರೀ ‘ಇಲ್ಲ’ ಎಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗಾಗುತ್ತದೆ. ಅಲ್ಲಿ ನಾಲಿಗೆ ತಾನಾಗಿಯೇ ‘ಸರ್’ಗೆ ತಡಕಾಡುತ್ತದೆ. ಧಾರವಾಡದ ಕಡೆಯವರು ಅದೇ ಜಾಗದಲ್ಲಿ ‘ರೀ’ ಹಚ್ಚುತ್ತಾರೆ: ಇಲ್ಲರೀ, ಬೇಡರೀ, ಹೌದರೀ. ಕೊರತೆ ನಿಜವಾದದ್ದು, ಅದನ್ನು ತುಂಬುವ ಬಗೆ ಊರಿಂದೂರಿಗೆ ಬೇರೆ.

ಈ ಕೊರತೆಯನ್ನು ತುಂಬಲು ಸರ್ ಒಂದೇ ದಾರಿಯಲ್ಲ. ಉತ್ತರವನ್ನು ಪೂರ್ತಿ ವಾಕ್ಯ ಮಾಡಿದರೂ ಸಾಕು. ‘ಇನ್ನೂ ಬಂದಿಲ್ಲ, ಬಂದ ಕೂಡಲೇ ನಿಮಗೆ ತಿಳಿಸುತ್ತೇನೆ’ ಎಂದರೆ ಆ ‘ನಿಮಗೆ’ಯೇ ಮರ್ಯಾದೆಯನ್ನು ಹೊರುತ್ತದೆ. ‘ಗೊತ್ತಿಲ್ಲ ಸರ್’ ಎನ್ನುವುದಕ್ಕಿಂತ ‘ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಎಂಬುದು ಮೇಲಧಿಕಾರಿಗೆ ಹೆಚ್ಚು ಉಪಯೋಗದ ಮಾತು ಕೂಡ.

ಈಗ ನಿಮ್ಮ ಸಂದೇಶಕ್ಕೆ ಬರೋಣ. ನೀವು ಬರೆದದ್ದು ಹೀಗಿದೆ:

‘ನಮಸ್ತೆ ಸರ್. ಸರ್ ನೀವು ಕೇಳಿದ್ದ ಪಟ್ಟಿ ಸಿದ್ಧವಾಗಿದೆ ಸರ್. ಸರ್ ಮೂರು ಜನರ ಬ್ಯಾಂಕ್ ವಿವರ ಬಂದಿಲ್ಲ ಸರ್. ನಾಳೆ ಕಳುಹಿಸಲೇ ಸರ್? ಒಮ್ಮೆ ನೋಡಿ ಸರ್. ಧನ್ಯವಾದ ಸರ್.’

ಎಂಟು ಸಲ ಬಂದಿದೆ. ಎಂಟನ್ನೂ ಕಿತ್ತುಹಾಕಿದರೆ ಏನಾಗುತ್ತದೆ ನೋಡಿ. ‘ಮೂರು ಜನರ ಬ್ಯಾಂಕ್ ವಿವರ ಬಂದಿಲ್ಲ. ಒಮ್ಮೆ ನೋಡಿ.’ ವ್ಯಾಕರಣ ಸರಿ, ದನಿ ಮಾತ್ರ ಒರಟು. ‘ಬಂದಿಲ್ಲ’ ಎಂಬುದು ವಿವರದ ಮಾತು, ಕೇಳುವವರಿಗೂ ಅದಕ್ಕೂ ನಂಟಿಲ್ಲ. ಆದ್ದರಿಂದ ಸರ್ ತೆಗೆದ ಕಡೆ ಬೇರೆ ಏನನ್ನಾದರೂ ಇಡಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ತೆ ಸರ್. ನೀವು ಕೇಳಿದ್ದ ಪಟ್ಟಿ ಸಿದ್ಧವಾಗಿದೆ. ಮೂವರ ಬ್ಯಾಂಕ್ ವಿವರ ಮಾತ್ರ ಇನ್ನೂ ಬಂದಿಲ್ಲ. ಬಂದಿರುವಷ್ಟನ್ನು ಇವತ್ತೇ ನಿಮಗೆ ಕಳುಹಿಸಲೇ, ಅಥವಾ ನಾಳೆ ಪೂರ್ತಿ ಮಾಡಿ ಕಳುಹಿಸಲೇ? ಹೇಗೆಂದು ತಿಳಿಸಿದರೆ ಹಾಗೆ ಮಾಡುತ್ತೇನೆ.’

ಒಂದೇ ಸರ್ ಉಳಿದಿದೆ, ಅದೂ ನಮಸ್ಕಾರದ ಜೊತೆ. ‘ಕಳುಹಿಸಲೇ’ ಎಂಬ ರೂಪವೇ ಅಪ್ಪಣೆ ಕೇಳುವಂಥದ್ದು, ಅದರ ಪಕ್ಕದಲ್ಲಿ ಸರ್‌ಗೆ ಕೆಲಸವಿಲ್ಲ. ‘ಒಮ್ಮೆ ನೋಡಿ’ ಎಂಬುದು ಬಹುವಚನದಲ್ಲಿದ್ದರೂ ಆಜ್ಞೆಯೇ. ‘ತಿಳಿಸಿದರೆ ಹಾಗೆ ಮಾಡುತ್ತೇನೆ’ ಎಂದಾಗ ತೀರ್ಮಾನ ಅವರ ಕೈಗೆ ಹೋಗುತ್ತದೆ. ಹಿರಿಯರಿಗೆ ಸಲ್ಲಬೇಕಾದ ಗೌರವದ ಮುಖ್ಯ ಭಾಗ ಇದೇ ಎಂದು ನಾನು ನಂಬುತ್ತೇನೆ. ನಿಮ್ಮ ಮೊದಲ ಬರಹದಲ್ಲಿ ಎಂಟು ಸರ್‌ಗಳ ನಡುವೆ ಕಳೆದುಹೋಗಿದ್ದ ಪ್ರಶ್ನೆ ಈಗ ಎದ್ದು ಕಾಣುತ್ತದೆ. ನಿಮ್ಮ ಮೇಲಧಿಕಾರಿ ‘ವಿಷಯವೇ ಕೇಳಿಸುವುದಿಲ್ಲ’ ಎಂದದ್ದು ಬಾಯಿಮಾತಿನ ದೊಡ್ಡತನವಲ್ಲ, ನಿಜವಾದ ತೊಂದರೆ.

ಇಲ್ಲೊಂದು ಎಚ್ಚರಿಕೆ. ಸರ್ ಬಿಟ್ಟವರು ಅದರ ಜಾಗಕ್ಕೆ ‘ತಾವು’ಗಳನ್ನು ಸುರಿಯುವುದುಂಟು. ‘ತಾವು ತಮ್ಮ ಅಭಿಪ್ರಾಯವನ್ನು ತಾವೇ ತಿಳಿಸಬೇಕಾಗಿ ತಮ್ಮಲ್ಲಿ’ ಎಂದು ಬರೆದರೆ ರೋಗ ಬದಲಾಯಿತೇ ಹೊರತು ವಾಸಿಯಾಗಲಿಲ್ಲ. ದಿನನಿತ್ಯದ ಸಂದೇಶಕ್ಕೆ ‘ನೀವು’ ಸಾಕು. ಅರ್ಜಿಗೆ, ಆಹ್ವಾನಕ್ಕೆ ‘ತಾವು’ ಒಪ್ಪುತ್ತದೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಮಾತಿನಲ್ಲಿ ತೊಡಕು ಬೇರೆ ರೀತಿಯದು. ‘ಅದು ಸರ್, ಏನಾಯಿತೆಂದರೆ ಸರ್’ ಎನ್ನುವಾಗ ನಾವು ಯಾರನ್ನೂ ಗೌರವಿಸುತ್ತಿರುವುದಿಲ್ಲ, ಯೋಚಿಸಲು ಸಮಯ ತೆಗೆದುಕೊಳ್ಳುತ್ತಿರುತ್ತೇವೆ. ವಾಕ್ಯದ ನಡುವೆ ಬರುವ ಸರ್‌ಗಳಲ್ಲಿ ಹೆಚ್ಚಿನವು ಇಂಥವು. ಬಿಡುವುದಾದರೆ ಇವನ್ನೇ ಮೊದಲು ಬಿಡಿ. ಕೇಳುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ‘ಒಂದು ನಿಮಿಷ, ನೋಡಿ ಹೇಳುತ್ತೇನೆ’ ಎಂದು ಸುಮ್ಮನಾದರೆ ಯಾವ ಹಿರಿಯರೂ ಮುನಿಯುವುದಿಲ್ಲ. ಆಮೇಲೆ ಬಿಡಬೇಕಾದ್ದು ‘ಬನ್ನಿ ಸರ್, ಕೂತುಕೊಳ್ಳಿ ಸರ್’ ಎಂಬಲ್ಲಿ ಎರಡನೆಯದನ್ನು. ಆದರೆ ಅವರನ್ನು ಕರೆಯುವಾಗ, ಬೀಳ್ಕೊಡುವಾಗ ಇರಲಿ. ಅವರ ಮಾತನ್ನು ಒಪ್ಪದಿರುವಾಗ ಖಂಡಿತ ಇರಲಿ. ‘ಈ ತಿಂಗಳು ಆಗುವುದಿಲ್ಲ ಸರ್’ ಎಂಬಲ್ಲಿ ಆ ಒಂದು ಪದ ನಿರಾಕರಣೆಯ ಪೆಟ್ಟನ್ನು ತಗ್ಗಿಸುತ್ತದೆ. ಬೇರೆಡೆಯೆಲ್ಲ ಅದನ್ನು ಮಿತವಾಗಿ ಬಳಸಿದವರಿಗೆ ಮಾತ್ರ ಇಲ್ಲಿ ಅದು ಕೈಹಿಡಿಯುತ್ತದೆ.

ಮೇಡಂ ಎಂಬುದಕ್ಕೂ ಇಷ್ಟೇ. ಪೊಲೀಸ್, ಸೇನೆಯಂಥ ಕಡೆ ಮಾತ್ರ ಸಂಬೋಧನೆ ಶಿಸ್ತಿನ ಭಾಗ. ಅಲ್ಲಿಯವರಿಗೆ ನನ್ನ ಸಲಹೆ ಅನ್ವಯಿಸುವುದಿಲ್ಲ.

ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯಿತಿ 2021ರಲ್ಲಿ ತನ್ನ ಕಚೇರಿಯಲ್ಲಿ ಸರ್, ಮೇಡಂ ಎನ್ನುವುದನ್ನೇ ಕೈಬಿಡುವ ನಿರ್ಣಯ ಮಾಡಿತು. ಜನ ಅಧಿಕಾರಿಗಳನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಲಿ ಎಂಬುದು ಅದರ ಆಶಯ. ನನಗೆ ಆ ನಿರ್ಣಯ ತುಂಬ ಮೆಚ್ಚುಗೆಯಾಯಿತು. ಆದರೆ ಅದು ಸೇವೆ ಕೇಳಲು ಬಂದ ನಾಗರಿಕರಿಗೂ ಸೇವೆ ಕೊಡಬೇಕಾದವರಿಗೂ ನಡುವಿನ ವಿಚಾರ. ನಿಮ್ಮದು ದಿನವೂ ಜೊತೆಗೆ ಕೆಲಸ ಮಾಡುವ ಹಿರಿಯರ ವಿಚಾರ. ಇಲ್ಲಿ ನಿರ್ಣಯ ನಡೆಯುವುದಿಲ್ಲ, ರೂಢಿ ನಿಧಾನವಾಗಿ ಬದಲಾಗಬೇಕು.

ಹಾಗಾಗಿ ಒಂದೇ ದಿನದಲ್ಲಿ ಎಲ್ಲವನ್ನೂ ನಿಲ್ಲಿಸಬೇಡಿ. ನಿನ್ನೆಯವರೆಗೆ ಮಾತಿಗೆರಡು ಸಲ ಬರುತ್ತಿದ್ದ ಪದ ಇವತ್ತು ಒಮ್ಮೆಯೂ ಬಾರದಿದ್ದರೆ, ಅದನ್ನು ಬಿಡಲು ಹೇಳಿದವರೇ ‘ಏನಮ್ಮ, ಬೇಜಾರಾಯಿತಾ?’ ಎಂದು ಕೇಳಬಹುದು. ಬರಹದಿಂದ ಶುರುಮಾಡಿ, ಅಲ್ಲಿ ಕಳುಹಿಸುವ ಮುನ್ನ ಓದಿ ತಿದ್ದಲು ಅವಕಾಶವಿದೆ. ವಾರ ಕಳೆದ ಮೇಲೆ ಫೋನಿನ ಮಾತಿಗೆ ಬನ್ನಿ. ಉಳಿದ ಹಿರಿಯರಲ್ಲಿ ಯಾರಾದರೂ ಪದೇ ಪದೇ ಸರ್ ಎನಿಸಿಕೊಳ್ಳುವುದನ್ನೇ ಬಯಸುವವರಿದ್ದರೆ, ಅವರೊಡನೆ ಮಾತ್ರ ಒಂದೆರಡು ಹೆಚ್ಚು ಇರಲಿ.