ಗ್ರೇಡ್ 5 ಥಿಯರಿ: ಕೀ ಸಿಗ್ನೇಚರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಪ್ರಶ್ನೆ: ಮುಂದಿನ ತಿಂಗಳು ಎಬಿಆರ್‌ಎಸ್‌ಎಮ್ ಗ್ರೇಡ್ 5 ಥಿಯರಿ ಪರೀಕ್ಷೆ ಇದೆ. ಸ್ಕೇಲ್, ಕೀ ಸಿಗ್ನೇಚರ್, ಇಂಟರ್ವಲ್ ಮೂರೂ ತಲೆಯಲ್ಲಿ ಕಲಸಿ ಹೋಗಿವೆ. ಒಂದು ಹಾಳೆಗೆ ಇಳಿಸೋದು ಹೇಗೆ? ಕೊನೆಗೆ ನಾಲ್ಕೈದು ಪ್ರಶ್ನೆ ಕೊಟ್ಟರೆ ಇನ್ನೂ ಒಳ್ಳೇದು.

ಮೂರನ್ನೂ ಬೇರೆ ಬೇರೆ ಓದಬೇಡಿ. ಕೀ ಸಿಗ್ನೇಚರ್ ಬಾಯಿಗೆ ಬಂದರೆ ಉಳಿದೆರಡು ಅದರಿಂದಲೇ ಹುಟ್ಟುತ್ತವೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡೋದೂ ಇದೇ ಕ್ರಮದಲ್ಲಿ.

ಹಾಳೆಯ ಮೇಲ್ಗಡೆ ಶಾರ್ಪ್‌ಗಳ ಸಾಲು ಬರೆಯಿರಿ: ಎಫ್, ಸಿ, ಜಿ, ಡಿ, ಎ, ಇ, ಬಿ. ಇದನ್ನೇ ಹಿಂದಿನಿಂದ ಓದಿದರೆ ಫ್ಲ್ಯಾಟ್‌ಗಳ ಸಾಲು. ಶಾರ್ಪ್ ಇದ್ದಾಗ ಕೊನೆಯ ಶಾರ್ಪ್‌ಗಿಂತ ಒಂದು ಸೆಮಿಟೋನ್ ಮೇಲಿನದೇ ಮೇಜರ್ ಕೀ. ನಾಲ್ಕು ಶಾರ್ಪ್ ಇದ್ದರೆ ಕೊನೆಯದು ಡಿ ಶಾರ್ಪ್, ಹಾಗಾಗಿ ಇ ಮೇಜರ್. ಫ್ಲ್ಯಾಟ್ ಇದ್ದಾಗ ಕೊನೆಯದಕ್ಕಿಂತ ಒಂದು ಹಿಂದಿನದರ ಹೆಸರೇ ಕೀ. ಒಂದೇ ಫ್ಲ್ಯಾಟ್ ಇದ್ದರೆ ಎಫ್ ಮೇಜರ್, ಅದನ್ನು ಸುಮ್ನೆ ನೆನಪಿಡಿ. ಈ ಗ್ರೇಡ್‌ನಲ್ಲಿ ಆರು ಶಾರ್ಪ್, ಆರು ಫ್ಲ್ಯಾಟ್‌ವರೆಗೆ ಸಾಕು.

ತಾಳೆ ನೋಡೋಕೆ ಒಂದು ಉಪಾಯ ಇದೆ. ಒಂದೇ ಅಕ್ಷರದ ಎರಡು ಕೀಗಳ ಮೊತ್ತ 7 ಆಗಬೇಕು. ಇ ಮೇಜರ್‌ಗೆ 4 ಶಾರ್ಪ್, ಇ ಫ್ಲ್ಯಾಟ್ ಮೇಜರ್‌ಗೆ 3 ಫ್ಲ್ಯಾಟ್. ಡಿಗೆ 2, ಡಿ ಫ್ಲ್ಯಾಟ್‌ಗೆ 5.

ಮೈನರ್ ಬೇಕಾದರೆ ಮೇಜರ್‌ನಿಂದ ಮೂರು ಸೆಮಿಟೋನ್ ಕೆಳಗಿಳಿಯಿರಿ. ಇ ಮೇಜರ್‌ನ ಜೋಡಿ ಸಿ ಶಾರ್ಪ್ ಮೈನರ್, ಸಿಗ್ನೇಚರ್ ಅದೇ. ಹಾರ್ಮೋನಿಕ್ ಮೈನರ್‌ನಲ್ಲಿ ಏಳನೇ ಸ್ವರ ಮಾತ್ರ ಒಂದು ಸೆಮಿಟೋನ್ ಏರುತ್ತದೆ. ಮೆಲೋಡಿಕ್‌ನಲ್ಲಿ ಹತ್ತುವಾಗ ಆರು, ಏಳು ಎರಡೂ ಏರುತ್ತವೆ, ಇಳಿಯುವಾಗ ಎರಡೂ ವಾಪಸ್. ಕರ್ನಾಟಕ ಸಂಗೀತ ಕೇಳಿದ ಕಿವಿಯಾದರೆ ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿಯ ಸ್ವರಗಳೇ, ನುಡಿಸಿ ನೋಡಿ. ಜಾಸ್ತಿ ಜನ ಎಡವುವುದು ಬರೆಯುವಾಗ. ಸಿ ಶಾರ್ಪ್ ಹಾರ್ಮೋನಿಕ್ ಮೈನರ್‌ನ ಏಳನೇ ಸ್ವರ ಬಿ ಶಾರ್ಪ್. ಕೀಬೋರ್ಡ್‌ನಲ್ಲಿ ಅದು ಸಿ ಒತ್ತಿದ ಹಾಗೇ ಕೇಳುತ್ತದೆ. ಆದರೆ ಸಿ ಅಂತ ಬರೆದರೆ ತಪ್ಪು, ಯಾಕಂದ್ರೆ ಸ್ಕೇಲ್‌ನಲ್ಲಿ ಏಳೂ ಅಕ್ಷರ ಒಂದೊಂದು ಸಲ ಬರಲೇಬೇಕು.

ಈಗ ಇಂಟರ್ವಲ್. ಮೊದಲು ಅಕ್ಷರ ಎಣಿಸಿ, ಎರಡು ತುದಿಯನ್ನೂ ಸೇರಿಸಿ. ಶಾರ್ಪ್, ಫ್ಲ್ಯಾಟ್ ಆಗ ಲೆಕ್ಕಕ್ಕಿಲ್ಲ. ಆಮೇಲೆ ಕೆಳಗಿನ ಸ್ವರವನ್ನು ಮೇಜರ್ ಕೀ ಎಂದುಕೊಂಡು, ಮೇಲಿನ ಸ್ವರ ಆ ಕೀಯಲ್ಲಿ ಇದೆಯಾ ನೋಡಿ. ಇದ್ದರೆ 4, 5, 8 ಪರ್ಫೆಕ್ಟ್, 2, 3, 6, 7 ಮೇಜರ್. ಮೇಜರ್‌ಗಿಂತ ಒಂದು ಸೆಮಿಟೋನ್ ಕಡಿಮೆ ಆದರೆ ಮೈನರ್, ಇನ್ನೂ ಒಂದು ಕಡಿಮೆ ಆದರೆ ಡಿಮಿನಿಶ್ಡ್. ಪರ್ಫೆಕ್ಟ್ ಕಡಿಮೆ ಆದರೆ ನೇರವಾಗಿ ಡಿಮಿನಿಶ್ಡ್. ಎರಡರಲ್ಲಿ ಯಾವುದು ಹೆಚ್ಚಾದರೂ ಆಗ್ಮೆಂಟೆಡ್.

ಎ ಫ್ಲ್ಯಾಟ್‌ನಿಂದ ಎಫ್ ಶಾರ್ಪ್ ಕೇಳಿದ್ದಾರೆ ಅಂದುಕೊಳ್ಳಿ. ಎ, ಬಿ, ಸಿ, ಡಿ, ಇ, ಎಫ್, ಆರು ಅಕ್ಷರ. ಎ ಫ್ಲ್ಯಾಟ್ ಮೇಜರ್‌ನ ನಾಲ್ಕು ಫ್ಲ್ಯಾಟ್ ಬಿ, ಇ, ಎ, ಡಿ. ಅದರಲ್ಲಿ ಎಫ್ ಇಲ್ಲ, ಅಂದರೆ ಬರಿಯ ಎಫ್ ಆದರೆ ಮೇಜರ್ 6. ಶಾರ್ಪ್ ಇರುವುದರಿಂದ ಆಗ್ಮೆಂಟೆಡ್ 6.

ಕೆಳಗಿನ ಸ್ವರ ಜಿ ಶಾರ್ಪ್ ಆದರೆ? ಆ ಹೆಸರಿನ ಮೇಜರ್ ಕೀ ನಿಮ್ಮ ಪಟ್ಟಿಯಲ್ಲೇ ಇಲ್ಲ. ಆಗ ಶಾರ್ಪನ್ನು ಮನಸ್ಸಿನಲ್ಲೇ ತೆಗೆಯಿರಿ. ಜಿಯಿಂದ ಮೇಲಿನ ಎಫ್: ಜಿ ಮೇಜರ್‌ನಲ್ಲಿರೋದು ಎಫ್ ಶಾರ್ಪ್, ಹಾಗಾಗಿ ಇದು ಮೈನರ್ 7. ಈಗ ಶಾರ್ಪ್ ವಾಪಸ್ ಹಾಕಿ. ಕೆಳಗಿನದು ಮೇಲೇರಿದರೆ ಅಂತರ ಕುಗ್ಗುತ್ತದೆ, ಅಲ್ವಾ? ಉತ್ತರ ಡಿಮಿನಿಶ್ಡ್ 7.

ಎಫ್‌ನಿಂದ ಜಿ ಶಾರ್ಪ್ ಆಗ್ಮೆಂಟೆಡ್ 2. ಎಫ್‌ನಿಂದ ಎ ಫ್ಲ್ಯಾಟ್ ಮೈನರ್ 3. ಒತ್ತುವ ಕಪ್ಪು ಕೀ ಒಂದೇ, ಹೆಸರು ಎರಡು. ಷಟ್‌ಶ್ರುತಿ ರಿಷಭ, ಸಾಧಾರಣ ಗಾಂಧಾರ ಒಂದೇ ಜಾಗದಲ್ಲಿ ಕೂತಿರುತ್ತವಲ್ಲ, ಅದೇ ಲೆಕ್ಕ. ಅದಕ್ಕೇ ಬರೀ ಸೆಮಿಟೋನ್ ಎಣಿಸಿ ಉತ್ತರ ಬರೆಯೋದು ಅಪಾಯ.

ಇನ್ನೊಂದು, ಪ್ರಶ್ನೆಯ ಸ್ಟೇವ್‌ನಲ್ಲಿ ಕೀ ಸಿಗ್ನೇಚರ್ ಇದ್ದರೆ ಅದನ್ನು ಸ್ವರಕ್ಕೆ ಹಚ್ಚಿದ ಮೇಲೆಯೇ ಲೆಕ್ಕ ಶುರು ಮಾಡಿ. ಆಕ್ಟೇವ್ ದಾಟಿದ್ದರೆ ಒಂದು ಆಕ್ಟೇವ್ ಕಳೆದು ಹೆಸರಿಡಿ, ಮುಂದೆ ಕಾಂಪೌಂಡ್ ಸೇರಿಸಿ.

ಉತ್ತರ ಮುಚ್ಚಿಕೊಂಡು ಇವನ್ನು ಮಾಡಿ (ಇಂಟರ್ವಲ್‌ಗಳಲ್ಲಿ ಮೊದಲ ಸ್ವರ ಕೆಳಗಿನದು):

1. ಐದು ಫ್ಲ್ಯಾಟ್: ಯಾವ ಮೇಜರ್, ಯಾವ ಮೈನರ್?
2. ಎಫ್ ಹಾರ್ಮೋನಿಕ್ ಮೈನರ್‌ನ ಏಳನೇ ಸ್ವರ?
3. ಡಿ – ಬಿ ಫ್ಲ್ಯಾಟ್?
4. ಇ ಫ್ಲ್ಯಾಟ್ – ಎ?
5. ಸಿ ಶಾರ್ಪ್ – ಬಿ ಫ್ಲ್ಯಾಟ್?

ಉತ್ತರ: 1) ಡಿ ಫ್ಲ್ಯಾಟ್ ಮೇಜರ್, ಬಿ ಫ್ಲ್ಯಾಟ್ ಮೈನರ್. 2) ಇ ನ್ಯಾಚುರಲ್. 3) ಮೈನರ್ 6. 4) ಆಗ್ಮೆಂಟೆಡ್ 4. 5) ಡಿಮಿನಿಶ್ಡ್ 7.

ನಾಲ್ಕನೆಯದಕ್ಕೆ ಪರ್ಫೆಕ್ಟ್ 4 ಅಂತ ಬಂದಿದ್ದರೆ ಇ ಫ್ಲ್ಯಾಟ್ ಮೇಜರ್‌ನ ಮೂರನೇ ಫ್ಲ್ಯಾಟ್ ಮರೆತಿದ್ದೀರಿ, ಮೇಲಿನ ಸಾಲಿಗೆ ವಾಪಸ್ ಹೋಗಿ. ಐದನೆಯದಕ್ಕೆ ಮೇಜರ್ 6 ಅಂತ ಬಂದಿದ್ದರೆ ಸೆಮಿಟೋನ್ ಎಣಿಸಿದ್ದೀರಿ, ಅಕ್ಷರ ಎಣಿಸಿಲ್ಲ.