ಜನವರಿ 7ರ ಕ್ರಿಸ್‌ಮಸ್: ಆ ಹದಿಮೂರು ದಿನ ಎಲ್ಲಿಂದ ಬಂತು

ಪ್ರಶ್ನೆ: ಆರ್ಥೊಡಾಕ್ಸ್ ಚರ್ಚಿನವರು ಕ್ರಿಸ್‌ಮಸ್‌ನ ಜನವರಿ 7ಕ್ಕೆ ಯಾಕೆ ಮಾಡ್ತಾರೆ? ಯೇಸು ಹುಟ್ಟಿದ ದಿನಾನೇ ಬೇರೆ ಅಂತ ನಂಬ್ತಾರಾ? ಅವರ ಹಳೇ ಕ್ಯಾಲೆಂಡರ್‌ಗೂ ನಮ್ದಕ್ಕೂ ಏನು ವ್ಯತ್ಯಾಸ? ಕೋಟ್ಟಯಂನ ನನ್ನ ಗೆಳೆಯ ಕೂಡ ಆರ್ಥೊಡಾಕ್ಸ್, ಆದ್ರೆ ಅವನ ಮನೇಲಿ ಡಿಸೆಂಬರ್ 25ಕ್ಕೇ ಹಬ್ಬ.

ಇಲ್ಲ, ಬೇರೆ ದಿನ ಅಂತ ನಂಬುವುದಿಲ್ಲ. ಅವರೂ ಡಿಸೆಂಬರ್ 25ಕ್ಕೇ ಮಾಡುತ್ತಾರೆ. ಅವರ ಕ್ಯಾಲೆಂಡರಿನ ಡಿಸೆಂಬರ್ 25 ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಜನವರಿ 7 ಆಗಿರುತ್ತದೆ, ಅಷ್ಟೇ.

ನಾನು ಮೆಡಿಕಲ್ ಓದಿದ್ದು ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ. ಅಲ್ಲಿನ ಚರ್ಚು ಇವತ್ತಿಗೂ ಹಳೆ ಕ್ಯಾಲೆಂಡರಿನದು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿಯನ್ನು ಎಲ್ಲರ ಹಾಗೆ ನಾನೂ 'ಬೆಬಿಯಾ' ಅನ್ನುತ್ತಿದ್ದೆ. ಆ ಭಾಷೆಯಲ್ಲಿ ಹಾಗೆಂದರೆ ಅಜ್ಜಿ ಅಂತಲೇ. ಮೊದಲ ವರ್ಷ ಡಿಸೆಂಬರ್ 31ರ ರಾತ್ರಿ ಅವರು ದೊಡ್ಡ ಪಾತ್ರೆ ತುಂಬ ಸಾಟ್ಸಿವಿ ಮಾಡಿದರು. ಅಕ್ರೋಟು ಅರೆದ ಗಟ್ಟಿ ಗೊಜ್ಜಿನಲ್ಲಿ ಟರ್ಕಿ ಕೋಳಿ ಹಾಕುವ ಅಡುಗೆ ಅದು. ಎಲ್ಲರಿಗೂ ಬಡಿಸಿದರು, ತಾವು ಮುಟ್ಟಲಿಲ್ಲ. ಜೇನಿನಲ್ಲಿ ಅಕ್ರೋಟು ಕಾಯಿಸಿ ಮಾಡಿದ ಗೊಜಿನಾಕಿಯನ್ನು ಮಾತ್ರ ಬಾಯಿಗೆ ಹಾಕಿಕೊಂಡರು. ನೋಡಲು ನಮ್ಮ ಚಿಕ್ಕಿಯ ತರಹವೇ ಇರುತ್ತದೆ. ಕೇಳಿದರೆ, 'ನನಗಿನ್ನೂ ಉಪವಾಸ' ಅಂದರು. ಕ್ರಿಸ್‌ಮಸ್‌ಗೆ ಮುಂಚಿನ 40 ದಿನ ಮಾಂಸ, ಹಾಲು, ಮೊಟ್ಟೆ ಬಿಡುವ ಉಪವಾಸ. ಅವರ ಲೆಕ್ಕದಲ್ಲಿ ಅದು ನವೆಂಬರ್ 15ಕ್ಕೆ ಶುರು, ನಮ್ಮ ಲೆಕ್ಕದಲ್ಲಿ ನವೆಂಬರ್ 28ಕ್ಕೆ. ಅಂದರೆ ಸರ್ಕಾರದ ಹೊಸ ವರ್ಷ ಸರಿಯಾಗಿ ಉಪವಾಸದ ನಡುವೆ ಬಂದು ಕೂತಿತ್ತು. ಎರಡು ಕ್ಯಾಲೆಂಡರ್ ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ಊಟದ ಮೇಜಿನಲ್ಲೇ.

ಈಗ ಹದಿಮೂರು ದಿನದ ಲೆಕ್ಕಕ್ಕೆ ಬರೋಣ. ಹಳೆ ಕ್ಯಾಲೆಂಡರ್ ಅಂದರೆ ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಜಾರಿಗೆ ತಂದದ್ದು. ಅದರ ನಿಯಮ ಬಹಳ ಸುಲಭ. ವರ್ಷಕ್ಕೆ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಒಂದು ದಿನ ಜಾಸ್ತಿ. ಹಾಗಾಗಿ ವರ್ಷದ ಸರಾಸರಿ 365 ದಿನ 6 ಗಂಟೆ. ಆದರೆ ಋತುಗಳು ಒಂದು ಸುತ್ತು ಬರಲು ಹಿಡಿಯುವ ಕಾಲ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ತಾನೇ ಅನ್ನಿಸಬಹುದು. ಆದರೆ ಅದು ಪ್ರತಿ ವರ್ಷವೂ ಸೇರುತ್ತಾ ಹೋಗುತ್ತದೆ. ಸುಮಾರು 128 ವರ್ಷಕ್ಕೆ ಒಂದು ಪೂರ್ತಿ ದಿನವಾಗುತ್ತದೆ.

ಚರ್ಚಿಗೆ ಇದು ತಲೆನೋವಾಗಿದ್ದು ಕ್ರಿಸ್‌ಮಸ್‌ನಿಂದಲ್ಲ, ಈಸ್ಟರ್‌ನಿಂದ. ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮನಾಗುವ ದಿನದ ನಂತರ ಬರುವ ಹುಣ್ಣಿಮೆ, ಅದಾದ ಮೇಲಿನ ಭಾನುವಾರ ಈಸ್ಟರ್. ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯಾ ಸಭೆಯ ಕಾಲಕ್ಕೆ ಆ ಸಮದಿನ ಮಾರ್ಚ್ 21ರ ಹತ್ತಿರ ಇತ್ತು. ಲೆಕ್ಕದವರು ಆ ತಾರೀಖನ್ನೇ ಗಟ್ಟಿ ಮಾಡಿಕೊಂಡರು. ಆದರೆ 1500ರ ದಶಕಗಳ ಹೊತ್ತಿಗೆ ಆಕಾಶದಲ್ಲಿ ಸಮದಿನ ಮಾರ್ಚ್ 11ಕ್ಕೇ ಬರುತ್ತಿತ್ತು. ಕ್ಯಾಲೆಂಡರ್ ಮಾತ್ರ 21 ಅಂತ ಹಿಡಿದು ಕೂತಿತ್ತು.

1582ರಲ್ಲಿ ಪೋಪ್ 13ನೇ ಗ್ರೆಗರಿ ಎರಡು ಕೆಲಸ ಮಾಡಿದರು. ಅಕ್ಟೋಬರ್ 4, ಗುರುವಾರ ಆದ ಮೇಲೆ ಮರುದಿನವನ್ನು ಅಕ್ಟೋಬರ್ 15, ಶುಕ್ರವಾರ ಅಂತ ಕರೆಸಿದರು. ಹತ್ತು ದಿನ ಹೋಯಿತು, ವಾರ ಮಾತ್ರ ತಪ್ಪಲಿಲ್ಲ. ಎರಡನೆಯದು, ಮುಂದೆ ಮತ್ತೆ ಜಾರದ ಹಾಗೆ ಒಂದು ನಿಯಮ. 1700, 1800, 1900ರಂತಹ ಶತಮಾನದ ವರ್ಷಗಳು 400ರಿಂದ ಭಾಗವಾದರೆ ಮಾತ್ರ ಲೀಪ್ ವರ್ಷ.

ಹದಿಮೂರರ ಗುಟ್ಟು ಈ ಎರಡನೆಯದರಲ್ಲಿದೆ. ಶುರುವಿನಲ್ಲಿ ಅಂತರ ಹತ್ತೇ ದಿನ. 1600 ಎರಡೂ ಕಡೆ ಲೀಪ್ ವರ್ಷ, ಏನೂ ಬದಲಾಗಲಿಲ್ಲ. 1700ರಲ್ಲಿ ಹಳೆಯದಕ್ಕೆ ಫೆಬ್ರವರಿ 29 ಇತ್ತು, ಹೊಸದಕ್ಕೆ ಇರಲಿಲ್ಲ. ಅಂತರ ಹನ್ನೊಂದಾಯಿತು. 1800ರಲ್ಲಿ ಹನ್ನೆರಡು, 1900ರಲ್ಲಿ ಹದಿಮೂರು. 2000 ಮತ್ತೆ ಎರಡಕ್ಕೂ ಲೀಪ್, ಆದ್ದರಿಂದ ಹದಿಮೂರೇ ಉಳಿಯಿತು. ಅಂದರೆ ಜನವರಿ 7 ಅನ್ನುವುದು ಕಲ್ಲಿನಲ್ಲಿ ಕೆತ್ತಿದ ತಾರೀಖಲ್ಲ. 1850ರ ಚಳಿಗಾಲದಲ್ಲಿ ರಷ್ಯಾದವರು ಕ್ರಿಸ್‌ಮಸ್ ಮಾಡಿದಾಗ ಪ್ಯಾರಿಸ್‌ನಲ್ಲಿ ಜನವರಿ 6. ಮುಂದೆ 2100ರ ಫೆಬ್ರವರಿ ಕಳೆದರೆ ಅಂತರ ಹದಿನಾಲ್ಕಾಗುತ್ತದೆ. 2101ರಿಂದ ಅವರ ಕ್ರಿಸ್‌ಮಸ್ ಜನವರಿ 8ಕ್ಕೆ. ಇದನ್ನು ಬೆಬಿಯಾಗೆ ಹೇಳಿದಾಗ ಅವರು ಸ್ವಲ್ಪವೂ ತಲೆ ಕೆಡಿಸಿಕೊಳ್ಳಲಿಲ್ಲ. 'ಬದಲಾಗೋದು ನಿಮ್ಮ ತಾರೀಖು, ನಮ್ಮದು ಆಗಲೂ ಇಪ್ಪತ್ತೈದೇ' ಅಂದರು. ಅವರ ಕಡೆಯಿಂದ ನೋಡಿದರೆ ಹೌದಲ್ವಾ?

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬದಲಾಯಿಸಲಿಲ್ಲ? ಮೊದಲ ಕಾರಣ ರಾಜಕೀಯವೇ. ರೋಮ್ ಮತ್ತು ಪೂರ್ವದ ಚರ್ಚುಗಳು ಬೇರೆಯಾಗಿ ಆಗಲೇ ಐದು ಶತಮಾನ ಕಳೆದಿತ್ತು. ಪೋಪ್ ಹೇಳಿದರು ಅಂತ ಅವರು ಯಾಕೆ ಕೇಳುತ್ತಾರೆ? ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನ 2ನೇ ಜೆರೆಮಿಯಾಸ್ ಆಗಲೇ ಒಪ್ಪಲಿಲ್ಲ. ಇದು ಬರೀ ಆರ್ಥೊಡಾಕ್ಸ್ ಹಟ ಅಂದುಕೊಳ್ಳಬೇಡಿ, ಬ್ರಿಟನ್ ಕೂಡ ಬದಲಾಯಿಸಿದ್ದು 1752ರಲ್ಲಿ. ರಷ್ಯಾದ ಸರ್ಕಾರ ಬದಲಾಯಿಸಿದ್ದಂತೂ ಕ್ರಾಂತಿಯ ನಂತರ, 1918ರಲ್ಲಿ. ಅಲ್ಲಿ ಜನವರಿ 31ರ ಮರುದಿನ ಫೆಬ್ರವರಿ 14 ಬಂತು. 'ಅಕ್ಟೋಬರ್ ಕ್ರಾಂತಿ'ಯ ದಿನವನ್ನು ಸೋವಿಯತ್‌ನವರು ನವೆಂಬರ್ 7ಕ್ಕೆ ಆಚರಿಸುತ್ತಿದ್ದದ್ದು ಇದೇ ಕಾರಣಕ್ಕೆ. ಸರ್ಕಾರ ಬದಲಾಯಿತು, ಚರ್ಚು ಆಗಲಿಲ್ಲ.

1923ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಭೆ ಸೇರಿ ಮಧ್ಯದ ದಾರಿಯೊಂದನ್ನು ಹುಡುಕಿದರು. ಸೆರ್ಬಿಯಾದ ವಿಜ್ಞಾನಿ ಮಿಲುಟಿನ್ ಮಿಲಾಂಕೊವಿಚ್ ಒಂದು ತಿದ್ದಿದ ಕ್ಯಾಲೆಂಡರ್ ಕೊಟ್ಟರು. 2800ರವರೆಗೂ ಅದು ನಮ್ಮದರ ಜೊತೆ ದಿನ ತಪ್ಪದೆ ಹೊಂದುತ್ತದೆ. ಗ್ರೀಸ್, ರೊಮೇನಿಯಾ, ಸೈಪ್ರಸ್, ಆಮೇಲೆ 1968ರಲ್ಲಿ ಬಲ್ಗೇರಿಯಾ ಅದಕ್ಕೆ ಬಂದವು. ಅವರ ಕ್ರಿಸ್‌ಮಸ್ ನಮ್ಮ ಡಿಸೆಂಬರ್ 25ಕ್ಕೇ. ತಮಾಷೆ ಅಂದರೆ ಮಿಲಾಂಕೊವಿಚ್‌ರ ಸೆರ್ಬಿಯಾದ ಚರ್ಚೇ ಇವತ್ತಿಗೂ ಹಳೆಯದರಲ್ಲಿದೆ. ರಷ್ಯಾ, ಜಾರ್ಜಿಯಾ, ಜೆರುಸಲೇಂ, ಆಥೋಸ್ ಬೆಟ್ಟದ ಮಠಗಳು ಕೂಡ ಹಾಗೆಯೇ. ಉಕ್ರೇನಿನ ಸ್ವತಂತ್ರ ಆರ್ಥೊಡಾಕ್ಸ್ ಚರ್ಚು 2023ರಲ್ಲಿ ಹೊಸದಕ್ಕೆ ಬಂತು. ಯುದ್ಧದ ಮಧ್ಯೆ ಮಾಸ್ಕೋದಿಂದ ದೂರ ಸರಿಯುವುದು ಅದರಲ್ಲಿ ದೊಡ್ಡ ಕಾರಣ.

ಆದರೆ ಹಳೆಯದನ್ನು ಹಿಡಿದವರ ಹತ್ತಿರ ಒಂದು ಒಳ್ಳೆಯ ವಾದವಿದೆ. ಹೊರಗಿನವರಿಗೆ ಅದು ಅಷ್ಟಾಗಿ ಗೊತ್ತಿಲ್ಲ. ಹೊಸದಕ್ಕೆ ಬಂದ ಚರ್ಚುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕ್ರಿಸ್‌ಮಸ್‌ನಂತಹ ತಾರೀಖಿನ ಹಬ್ಬಗಳನ್ನಷ್ಟೇ ಸರಿಸಿದವು. ಈಸ್ಟರ್ ಮಾತ್ರ ಹಳೆ ಲೆಕ್ಕದಲ್ಲೇ ಉಳಿಯಿತು, ಎಲ್ಲರೂ ಒಟ್ಟಿಗೆ ಮಾಡಲಿ ಅಂತ. ಇದರಿಂದ ಒಂದು ಎಡವಟ್ಟಾಯಿತು. 2024ನ್ನೇ ನೋಡಿ. ಆ ವರ್ಷ ಆರ್ಥೊಡಾಕ್ಸ್ ಈಸ್ಟರ್ ಮೇ 5ಕ್ಕೆ. 'ಅಪೊಸ್ತಲರ ಉಪವಾಸ' ಅಂತ ಒಂದಿದೆ, ಅದರ ಶುರು ಈಸ್ಟರ್ ಲೆಕ್ಕದಿಂದ, ಮುಗಿಯುವುದು ಜೂನ್ 29ರ ಪೇತ್ರ ಮತ್ತು ಪೌಲರ ಹಬ್ಬದಿಂದ. ಈಸ್ಟರ್‌ನಿಂದ ಎಣಿಸಿದರೆ ಉಪವಾಸ ಶುರುವಾಗಬೇಕಾದ್ದು ಜುಲೈ 1, ಸೋಮವಾರ. ಹೊಸ ಕ್ಯಾಲೆಂಡರಿನವರಿಗೆ ಮುಗಿಸುವ ಹಬ್ಬ ಎರಡು ದಿನ ಮುಂಚೆಯೇ ಆಗಿಹೋಗಿತ್ತು! ಆ ವರ್ಷ ಅವರಿಗೆ ಆ ಉಪವಾಸವೇ ಇಲ್ಲ. ಹಳೆಯವರ ಜೂನ್ 29 ಅಂದರೆ ನಮ್ಮ ಜುಲೈ 12. ಹಾಗಾಗಿ ಅವರಿಗೆ ಜುಲೈ 1ರಿಂದ 11ರವರೆಗೆ ಪೂರ್ತಿ ಉಪವಾಸ ಸಿಕ್ಕಿತು. ಸೂರ್ಯನ ಲೆಕ್ಕದಲ್ಲಿ ಹಳೆ ಕ್ಯಾಲೆಂಡರ್ ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರೊಳಗೆ ಹಬ್ಬ, ಉಪವಾಸಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಅರ್ಧ ಸರಿಸಿದರೆ ಕೀಲು ತಪ್ಪುತ್ತದೆ. ನನಗೆ ಈ ವಾದ 'ಸಂಪ್ರದಾಯ' ಅನ್ನುವ ಉತ್ತರಕ್ಕಿಂತ ಜಾಸ್ತಿ ಹಿಡಿಸಿತು.

ನಾವು ನಗುವ ಹಾಗೂ ಇಲ್ಲ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಉತ್ತರಾಯಣ ಅಂತ ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಅಲ್ಲಿ ಕಾರಣ ಬೇರೆ. ನಮ್ಮ ಪಂಚಾಂಗ ಋತುವನ್ನಲ್ಲ, ನಕ್ಷತ್ರವನ್ನು ಹಿಡಿದು ವರ್ಷ ಎಣಿಸುತ್ತದೆ. ಆದರೆ ಆಕಾಶ ಮುಂದೆ ಹೋದರೂ ಹಬ್ಬ ಜಾಗ ಬಿಡದಿರುವುದು ಎರಡೂ ಕಡೆ ಒಂದೇ. ಟಿಬಿಲಿಸಿಯಲ್ಲಿ ಜನವರಿ 14ಕ್ಕೆ 'ಹಳೆ ಹೊಸ ವರ್ಷ' ಅಂತ ಮತ್ತೊಮ್ಮೆ ಮೇಜು ತುಂಬ ಊಟ. ಅದು ಹಳೆ ಕ್ಯಾಲೆಂಡರಿನ ಜನವರಿ 1. ಒಂದು ವರ್ಷ ಸಂಕ್ರಾಂತಿಯೂ ಅದೇ ದಿನ ಬಿತ್ತು. ಅವತ್ತು ಬೆಬಿಯಾಗೆ ನಾನು ಎಳ್ಳು ಬೆಲ್ಲ ಕೊಟ್ಟೆ, ಅವರು ಸಾಟ್ಸಿವಿ ಕೊಟ್ಟರು, ಈ ಸಲ ತಾವೂ ತಿಂದರು. ಎರಡೂ ಒಂದೇ ದಿನ ಬಂದದ್ದು ಸುಮ್ನೆ ಕಾಕತಾಳೀಯ, ಅದರಲ್ಲಿ ಏನೂ ಹುಡುಕಬೇಡಿ.

ಒಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಅರ್ಮೇನಿಯಾದವರು ಜನವರಿ 6ಕ್ಕೆ ಕ್ರಿಸ್‌ಮಸ್ ಮಾಡುತ್ತಾರೆ. ಅದು ಹಳೆ ಕ್ಯಾಲೆಂಡರ್ ಲೆಕ್ಕದಲ್ಲಿ ಒಂದು ದಿನ ತಪ್ಪಿದ್ದಲ್ಲ. ಯೇಸುವಿನ ಜನನ ಮತ್ತು ದೀಕ್ಷಾಸ್ನಾನ ಎರಡನ್ನೂ ಜನವರಿ 6ಕ್ಕೆ ಒಟ್ಟಿಗೆ ಆಚರಿಸುವ ಪುರಾತನ ಪದ್ಧತಿ ಅವರದು. ಡಿಸೆಂಬರ್ 25ನ್ನು ಅವರು ತೆಗೆದುಕೊಳ್ಳಲೇ ಇಲ್ಲ. ಇದಕ್ಕೆ ಸಾಕ್ಷಿ ಬೆತ್ಲೆಹೇಮಿನಲ್ಲಿ ಸಿಗುತ್ತದೆ. ಜೆರುಸಲೇಂ ಕಡೆಯ ಅರ್ಮೇನಿಯನ್ನರು ಹಳೆ ಕ್ಯಾಲೆಂಡರನ್ನೂ ಇಟ್ಟುಕೊಂಡಿದ್ದಾರೆ. ಜನವರಿ 6ಕ್ಕೆ ಹದಿಮೂರು ಸೇರಿಸಿ, ಅವರ ಕ್ರಿಸ್‌ಮಸ್ ಜನವರಿ 19ಕ್ಕೆ. ಹಾಗಾಗಿ ಆ ಒಂದೇ ಊರಿನಲ್ಲಿ ಕ್ಯಾಥೊಲಿಕ್ಕರದು ಡಿಸೆಂಬರ್ 25, ಗ್ರೀಕ್ ಆರ್ಥೊಡಾಕ್ಸರದು ಜನವರಿ 7, ಅರ್ಮೇನಿಯನ್ನರದು ಜನವರಿ 19.

ಇನ್ನು ನಿಮ್ಮ ಗೆಳೆಯನ ವಿಷಯ. ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚು ರಷ್ಯಾ, ಗ್ರೀಸ್‌ನವರ ಕುಟುಂಬದ್ದಲ್ಲ. ಅದು ಸಿರಿಯನ್, ಕಾಪ್ಟಿಕ್, ಇಥಿಯೋಪಿಯನ್, ಅರ್ಮೇನಿಯನ್ ಚರ್ಚುಗಳ ಬಳಗಕ್ಕೆ ಸೇರಿದ್ದು. ಆ ಬಳಗದೊಳಗೂ ಒಂದೇ ತಾರೀಖಿಲ್ಲ. ಇಥಿಯೋಪಿಯಾದವರು ಜನವರಿ 7ಕ್ಕೆ ಮಾಡುತ್ತಾರೆ, ಮಲಂಕರದವರು ನಮ್ಮ ನಿಮ್ಮ ಕ್ಯಾಲೆಂಡರಿನ ಡಿಸೆಂಬರ್ 25ಕ್ಕೆ. ಬೆಂಗಳೂರಿನಲ್ಲಿರುವ ಅವರ ಚರ್ಚುಗಳಲ್ಲೂ ಹಾಗೆಯೇ. 'ಆರ್ಥೊಡಾಕ್ಸ್' ಅನ್ನುವ ಹೆಸರು ನೋಡಿ ತಾರೀಖು ಹೇಳಲು ಆಗುವುದಿಲ್ಲ. ಆ ಚರ್ಚು ಯಾವ ಕ್ಯಾಲೆಂಡರ್ ಇಟ್ಟುಕೊಂಡಿದೆ ಅಂತ ಕೇಳಬೇಕು.