ಉಡುಪಿಗೆ ಯಾಕೆ ಒಂದೂ ಮೀಸಲು ಕ್ಷೇತ್ರ ಇಲ್ಲ?

ಸಂಪಾದಕರೇ, ನಮ್ಮ ಉಡುಪಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಮೀಸಲಿಲ್ಲ. ದಕ್ಷಿಣ ಕನ್ನಡದಲ್ಲಿ ಸುಳ್ಯ ಇದೆ. ಜನಗಣತಿಯ ಶೇಕಡಾವಾರು ನೋಡಿದರೆ ಎರಡು ಜಿಲ್ಲೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಇದು ಯಾವ ಲೆಕ್ಕ?
– ಓದುಗರೊಬ್ಬರು, ಬ್ರಹ್ಮಾವರ

ನೀವು ನೋಡಿದ ಅಂಕಿ ಸರಿಯೇ ಇದೆ. 2001ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ದಕ್ಷಿಣ ಕನ್ನಡದಲ್ಲಿ ಶೇ 6.9, ಉಡುಪಿಯಲ್ಲಿ ಶೇ 6.1. ಆದರೆ ಜಿಲ್ಲೆಗೆ ಎಷ್ಟು ಮೀಸಲು ಕ್ಷೇತ್ರ ಅಂತ ತೀರ್ಮಾನ ಆಗುವುದು ಈ ಶೇಕಡಾವಾರಿನಿಂದಲ್ಲ, ತಲೆಗಳ ಎಣಿಕೆಯಿಂದ.

ಲೆಕ್ಕ ಶುರುವಾಗುವುದು ರಾಜ್ಯದಿಂದ. ಈಗಿನ ಕ್ಷೇತ್ರಗಳು 2008ರ ಪುನರ್ವಿಂಗಡಣೆಯವು, ಅದಕ್ಕೆ ಆಧಾರ 2001ರ ಗಣತಿ. ಆಗ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ಶೇ 16.2. ಒಟ್ಟು 224 ಸ್ಥಾನಗಳಲ್ಲಿ ಅಷ್ಟು ಪಾಲು ಅಂದರೆ 36 ಸ್ಥಾನ. ಆ 36ನ್ನು ಜಿಲ್ಲೆಗಳಿಗೆ ಹಂಚುವಾಗ, ರಾಜ್ಯದ ಒಟ್ಟು ಪರಿಶಿಷ್ಟ ಜಾತಿ ಜನರಲ್ಲಿ ಆ ಜಿಲ್ಲೆಯವರು ಎಷ್ಟು ಅಂತ ನೋಡುತ್ತಾರೆ. ರಾಜ್ಯದಲ್ಲಿ ಅವರು ಸುಮಾರು 85.6 ಲಕ್ಷ. 36ರಿಂದ ಭಾಗಿಸಿದರೆ ಒಂದು ಸ್ಥಾನಕ್ಕೆ ಹತ್ತಿರ ಹತ್ತಿರ 2.38 ಲಕ್ಷ ಜನ. ದಕ್ಷಿಣ ಕನ್ನಡದಲ್ಲಿದ್ದವರು ಸುಮಾರು 1.31 ಲಕ್ಷ, ಅಂದರೆ 0.55 ಸ್ಥಾನ. ಅರ್ಧ ದಾಟಿತು, ಒಂದು ಸ್ಥಾನ ಬಂತು. ಉಡುಪಿಯಲ್ಲಿ ಸುಮಾರು 68 ಸಾವಿರ, 0.28 ಸ್ಥಾನ. ಅರ್ಧ ಮುಟ್ಟಲಿಲ್ಲ, ಸೊನ್ನೆಯಾಯಿತು. ಉಡುಪಿ ಚಿಕ್ಕ ಜಿಲ್ಲೆ, ಕಾರಣ ಅಷ್ಟೇ.

ಶೇಕಡಾವಾರು ಕೆಲಸಕ್ಕೆ ಬರುವುದು ಇದರ ನಂತರ. ಜಿಲ್ಲೆಗೆ ಬಂದ ಸ್ಥಾನವನ್ನು ಎಲ್ಲಿಡಬೇಕು? ಪರಿಶಿಷ್ಟ ಜಾತಿಯವರ ಪಾಲು ಜಾಸ್ತಿ ಇರುವ ಕಡೆ. ದಕ್ಷಿಣ ಕನ್ನಡದ ಎಂಟರಲ್ಲಿ ಅದು ಸುಳ್ಯಕ್ಕೆ ಹೋಯಿತು. ಇಲ್ಲಿ ಒಂದು ಎಚ್ಚರ ಬೇಕು. ಸುಳ್ಯ ಕ್ಷೇತ್ರ ಅಂದರೆ ಸುಳ್ಯ ತಾಲ್ಲೂಕು ಮಾತ್ರ ಅಲ್ಲ, ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದ ಕಡಬದ ಭಾಗವೂ ಸೇರಿದೆ. ತಾಲ್ಲೂಕಿನ ಅಂಕಿ ಹಿಡಿದು ಕ್ಷೇತ್ರದ ಬಗ್ಗೆ ವಾದ ಮಾಡಿದರೆ ಲೆಕ್ಕ ತಪ್ಪುತ್ತದೆ. ಜನಗಣತಿಯ ಪ್ರಾಥಮಿಕ ಸಾರದಲ್ಲಿ ಪ್ರತಿ ಗ್ರಾಮ, ಪ್ರತಿ ವಾರ್ಡಿಗೂ TOT_P, P_SC, P_ST ಅಂತ ಕಾಲಂಗಳಿವೆ. ಒಟ್ಟು ಜನ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ಕ್ಷೇತ್ರಕ್ಕೆ ಸೇರಿದ ಗ್ರಾಮಗಳನ್ನು ಕೂಡಿಸಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಗ್ರಾಮಗಳ ಶೇಕಡಾವಾರುಗಳನ್ನೇ ಕೂಡಿಸಿ ಸರಾಸರಿ ತೆಗೆಯಬಾರದು. ಇನ್ನೂರು ಜನರ ಊರಿಗೂ ಐದು ಸಾವಿರದ ಊರಿಗೂ ಆಗ ಒಂದೇ ತೂಕ ಬಂದುಬಿಡುತ್ತದೆ.

P_SC ಕಾಲಂನಲ್ಲಿ ಯಾರಿದ್ದಾರೆ ಅನ್ನುವುದನ್ನೂ ನಮ್ಮ ಕರಾವಳಿಯಲ್ಲಿ ಮರೆಯಬಾರದು. ಹಿಂದೂ, ಸಿಖ್, ಬೌದ್ಧ ಎಂದು ಬರೆಸಿದವರು ಮಾತ್ರ ಅಲ್ಲಿ ಸೇರುತ್ತಾರೆ. ಕ್ರೈಸ್ತರಾದ ದಲಿತ ಮನೆತನಗಳು ಆ ಎಣಿಕೆಯಲ್ಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ.

ಪಂಗಡದ ಸ್ಥಾನಗಳ ದಾರಿಯೇ ಬೇರೆ. ಅಲ್ಲಿ ಜಿಲ್ಲಾವಾರು ಹಂಚಿಕೆ ಇಲ್ಲ. ಇಡೀ ರಾಜ್ಯದಲ್ಲಿ ಪಂಗಡದವರ ಪಾಲು ಅತಿ ಹೆಚ್ಚಿರುವ ಕ್ಷೇತ್ರಗಳಿಗೇ 15 ಸ್ಥಾನಗಳೂ ಹೋಗುತ್ತವೆ. ಹಾಗಾಗಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆ ಇವೆ. ನಮ್ಮ ಕೊರಗರು, ಮಲೆಕುಡಿಯರು ಊರೂರಲ್ಲಿ ಚದುರಿಕೊಂಡಿದ್ದಾರೆ. ಈ ಸಾಲಿನಲ್ಲಿ ಅವರ ಸರದಿ ಬರುವುದೇ ಇಲ್ಲ. ನನಗೆ ನಿಜವಾಗಿ ನೋವಾಗುವುದು ಇಲ್ಲೇ. ಉಡುಪಿಗೆ ಒಂದು ಕ್ಷೇತ್ರ ಸಿಗಲಿಲ್ಲ ಅನ್ನುವುದಕ್ಕಿಂತ ಇದು ದೊಡ್ಡ ಅನ್ಯಾಯ. ಜಾಗಕ್ಕೆ ಕಟ್ಟಿದ ಮೀಸಲಾತಿಯಲ್ಲಿ ಚದುರಿದ ಜನರಿಗೆ ಜಾಗವೇ ಇಲ್ಲ.

1997ರಲ್ಲಿ ಜಿಲ್ಲೆ ಒಡೆಯದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೀವು ಕೇಳಬಹುದು. 0.55ಕ್ಕೆ 0.28 ಸೇರಿಸಿದರೆ 0.83. ಆಗಲೂ ಒಂದೇ ಸ್ಥಾನ. ಹದಿಮೂರು ಕ್ಷೇತ್ರಗಳ ಪೈಕಿ ಎಲ್ಲಿ ಪಾಲು ಜಾಸ್ತಿಯೋ ಅಲ್ಲಿಗೆ ಅದು ಹೋಗುತ್ತಿತ್ತು.

ಮುಂದೆ? ಹೊಸ ಪುನರ್ವಿಂಗಡಣೆಗೆ ಆಧಾರವಾಗುವುದು ಜನಗಣತಿಯೇ, ರಾಜ್ಯ ಸರ್ಕಾರದ ಜಾತಿ ಸಮೀಕ್ಷೆ ಅಲ್ಲ. ಸುಮ್ನೆ ಒಂದು ಅಂದಾಜಿಗೆ 2011ರ ಅಂಕಿ ಹಾಕಿ ನೋಡಿದೆ. ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಸುಮಾರು 1.05 ಕೋಟಿ, ಶೇ 17.15. 224ರಲ್ಲಿ 38 ಸ್ಥಾನ ಆಗುತ್ತದೆ, ಒಂದಕ್ಕೆ ಸುಮಾರು 2.76 ಲಕ್ಷ ಜನ. ಉಡುಪಿಯಲ್ಲಿ ಇದ್ದವರು ಸುಮಾರು 75 ಸಾವಿರ, 0.27 ಸ್ಥಾನ. ದಕ್ಷಿಣ ಕನ್ನಡ 1.48 ಲಕ್ಷ, 0.54. ಹೊಸ ಗಣತಿಯ ಅಂಕಿ ಬಂದಾಗ ನೀವೂ ಮೊದಲು ಈ ಭಾಗಾಕಾರ ಮಾಡಿ. ಉಡುಪಿಯ ಸಂಖ್ಯೆ ಅರ್ಧ ದಾಟಿದೆಯಾ ಅಂತ ನೋಡಿ. ದಕ್ಷಿಣ ಕನ್ನಡದ್ದು ಅರ್ಧಕ್ಕಿಂತ ಕೆಳಗೆ ಇಳಿದಿದೆಯಾ ಅಂತಲೂ ನೋಡಿ, ಯಾಕೆಂದರೆ ಸುಳ್ಯದ ಮೀಸಲು ನಿಂತಿರುವುದು ಆ ಸಣ್ಣ ಅಂತರದ ಮೇಲೆ.